ಡಬ್ಬದ ಮೇಲೊಂದು ಬದನೆಕಾಯಿ

ಖಾಲಿ ಜಾಗ ಕಂಡರೆ ನಮ್ಮ ಕಡೆಯವರಿಗೆ ಆಗುವುದಿಲ್ಲ. ಕೊಳ್ಳೇಗಾಲದ ಬಸ್ ನಿಲ್ದಾಣದ ಹತ್ತಿರ ಡಿಟಿಪಿ ಅಂಗಡಿ ಇಟ್ಟುಕೊಂಡು, ಮದುವೆ ಕರೆಯೋಲೆ, ಹುಟ್ಟುಹಬ್ಬದ ಫ್ಲೆಕ್ಸು, ಉಪ್ಪಿನಕಾಯಿ ಡಬ್ಬದ ಲೇಬಲ್ಲು ಅಂತ ಕಂಪ್ಯೂಟರಿನ ಮುಂದೆ ಸೊಂಟ ಸವೆಸಿದವಳು ನಾನು. ಕರೆಯೋಲೆಯಲ್ಲಿ ಬೆರಳಗಲ ಜಾಗ ಬಿಟ್ಟರೂ ಸಾಕು, "ಇಲ್ಲೊಂದು ಗಣಪತಿ ಕೂರ್ಸಿ, ಅಲ್ಲೊಂದು ಕಳಸ ಮಡುಗಿ" ಎನ್ನುತ್ತಾರೆ. ಬಾಕಿ ಉಳಿದದ್ದಕ್ಕೆ ಹೂವಿನ ಬಳ್ಳಿ. ಸೀರೆಯ ಸೆರಗಾದರೆ ತುಂಬಿದ್ದು ಚೆಂದ, ಕಾಗದ ಉಸಿರಾಡಬೇಕು ಎಂದು ಹೇಳಿ ಹೇಳಿ ನನ್ನ ಗಂಟಲು ಒಣಗಿತ್ತು. ಗಿರಾಕಿಗಳ ಹತ್ತಿರ ಸಿಡುಕುತ್ತೇನೆ ಎಂದು ನನಗೆ ಹೆಸರಿದೆ. ಆ ಹೆಸರು ಸುಳ್ಳಲ್ಲ.

ಹಾಗಿರುವಾಗ ಒಂದು ಬೆಳಿಗ್ಗೆ ಕೌದಳ್ಳಿಯಿಂದ ಒಬ್ಬ ಅಕ್ಕ ಬಂದರು. ಅವರ ಊರಿನ ಹೆಂಗಸರ ಸಂಘಕ್ಕೆ ಅವರೇ ಮುಂದಾಳು. ನುಗ್ಗೆ ಸೊಪ್ಪನ್ನು ನೆರಳಲ್ಲಿ ಒಣಗಿಸಿ ಪುಡಿ ಮಾಡಿ ಮಾರುತ್ತಾರೆ. ಕೈಯಲ್ಲಿದ್ದ ಪ್ಲಾಸ್ಟಿಕ್ ಕವರನ್ನು ನನ್ನ ಮೇಜಿನ ಮೇಲಿಟ್ಟು, "ಇದ್ರ ಮೂತಿ ಬದಲಾಯ್ಸಿಕೊಡಿ ಮೇಡಮ್ಮೋರೆ" ಎಂದರು.

ನಾನು ಕವರು ನೋಡಿದೆ. ದೇವರೇ, ಅದರಲ್ಲಿ ಇಲ್ಲದ್ದೇ ಇರಲಿಲ್ಲ. ಎದೆ ಉಬ್ಬಿಸಿದ ಒಬ್ಬ ಗಟ್ಟಿಮುಟ್ಟು ಗಂಡಸು, ಕುತ್ತಿಗೆಗೆ ಸ್ಟೆತಸ್ಕೋಪು ಹಾಕಿಕೊಂಡು ನಗುವ ಒಬ್ಬ ಡಾಕ್ಟರು, ಮೂಲೆಯಲ್ಲಿ ಕೆಂಪು ಪ್ಲಸ್ ಗುರುತು, ಸುತ್ತ ಸೂರ್ಯನ ಕಿರಣ. ಕೆಳಗೆ ಸಕ್ಕರೆ ಕಾಯಿಲೆ, ಬಿಪಿ, ಮಂಡಿನೋವು, ಕೂದಲು ಉದುರುವುದು, ಎಲ್ಲಕ್ಕೂ ಒಂದೇ ಮದ್ದು ಎಂದು ಹಳದಿ ಅಕ್ಷರದಲ್ಲಿ ಬರೆದಿತ್ತು. ಮೊಬೈಲಿಗೆ ಬಂದ ಯಾವುದೋ ಸಂದೇಶವನ್ನು ಹಾಗೇ ಅಚ್ಚು ಹಾಕಿಸಿದ್ದರು.

"ಅಕ್ಕ, ಇದು ಸತ್ತವರನ್ನ ಎಬ್ಬಿಸಲ್ವಾ?" ಎಂದು ಕೇಳಿಯೇಬಿಟ್ಟೆ.

ಅವರು ನನಗಿಂತ ಜೋರಾಗಿ ನಕ್ಕರು. "ಅದ್ನೂ ಬರೀಬೇಕು ಅಂತಿದ್ವಿ, ಜಾಗ ಸಾಲ್ನಿಲ್ಲ."

ಆ ನಗುವಿಗೇ ನಾನು ಸೋತೆ. ಆಮೇಲೆ ಅವರು ಬಂದ ಕಾರಣ ಹೇಳಿದರು. ನಮ್ಮ ಬೀದಿಯ ಆಚೆ ತುದಿಯಲ್ಲಿ ಹಳೆಯ ಮೆಡಿಕಲ್ ಸ್ಟೋರ್ ಇದೆ. ಅದರ ಯಜಮಾನರದು ಮಾತು ಕಡಿಮೆ, ನೇರ ಮನುಷ್ಯ. ಅವರ ಕೌಂಟರಿನ ಮೇಲೆ ಇದ್ದದ್ದನ್ನು ಜನ ಕಣ್ಣು ಮುಚ್ಚಿ ಕೊಳ್ಳುತ್ತಾರೆ. ಅವರು ಇಟ್ಟರೆ ಮಾತ್ರ ಹನೂರಿನ ಅಂಗಡಿಯವರೂ ಯಳಂದೂರಿನ ಅಂಗಡಿಯವರೂ ಇಡುತ್ತಾರೆ. ಅಕ್ಕ ಈ ಕವರು ತೆಗೆದುಕೊಂಡು ಹೋಗಿದ್ದಾಗ ಅವರು ಮುಟ್ಟಲೂ ಇಲ್ಲವಂತೆ. ಊಟದ ಪದಾರ್ಥಕ್ಕೆ ಕಾಯಿಲೆ ವಾಸಿ ಮಾಡುತ್ತದೆ ಎಂದು ಬರೆಯುವ ಹಾಗಿಲ್ಲ, ಸಕ್ಕರೆ ಕಾಯಿಲೆಗೆ ಮದ್ದು ಎಂದು ಸಾರಿದರೆ ಕೇಸು ಬೀಳುತ್ತದೆ, ಆ ಡಾಕ್ಟರನ್ನು ಇಳಿಸಿ, ಇದು ಏನೋ ಅದನ್ನಷ್ಟೇ ಬರೆಸಿ ತನ್ನಿ ಎಂದು ಹೇಳಿ ಕಳಿಸಿದ್ದರು.

"ಅವ್ರು ಮಡುಗುದ್ರೆ ನಮ್ ಒಣಗಾಕೋ ಮನೆ ಉಳೀತದ," ಅಂದರು ಅಕ್ಕ. "ಇಲ್ದಿದ್ರೆ ಇಲ್ಲ. ಈ ಹೆಂಗುಸ್ರ್ನೆಲ್ಲ ಕೂಲಿ ಟೆಂಪೋದಿಂದ ಇಳುಸ್ಕಂಡು ಬಂದೋಳು ನಾನು. ತಿರ್ಗ ಹತ್ತಿ ಅಂತ ಯಾವ್ ಮೂತಿ ಇಟ್ಕಂಡ್ ಏಳ್ಲಿ?"

ಆ ಮಾತು ಹೇಳುವಾಗ ಮಾತ್ರ ಅವರ ಮುಖದಲ್ಲಿ ನಗು ಇರಲಿಲ್ಲ. ನಾನು ಕೆಲಸ ಒಪ್ಪಿಕೊಂಡೆ.

ಮಾರನೆಯ ವಾರ ಹನೂರಿನ ಮೇಲೆ ಕೌದಳ್ಳಿಗೆ ಹೋದೆ. ತಗಡಿನ ಮನೆಯೊಳಗೆ ಬಲೆ ಕಟ್ಟಿ ಸೊಪ್ಪು ಹರವಿದ್ದರು. ಬಿಸಿಲಿಗೆ ಹಾಕಿದರೆ ಬಣ್ಣ ಸಾಯುತ್ತದೆ ಎಂದು ಕಿಟಕಿಗೆ ಗೋಣಿ. ಹೆಂಗಸರು ಕಡ್ಡಿ ಆಯುತ್ತಾ, ಒಬ್ಬರನ್ನೊಬ್ಬರು ಕಿಚಾಯಿಸುತ್ತಾ, ನಡುನಡುವೆ ತಮಿಳಿಗೆ ಹಾರಿ ಮತ್ತೆ ಕನ್ನಡಕ್ಕೆ ಇಳಿಯುತ್ತಾ ಕೂತಿದ್ದರು. ಸೊಪ್ಪಿನ ಹಸಿ ವಾಸನೆಯಲ್ಲಿ ಕೂತು ಹಳೆಯ ಕವರನ್ನು ಮುಂದೆ ಇಟ್ಟುಕೊಂಡು ಒಂದೊಂದಾಗಿ ತೆಗೆಯುತ್ತಾ ಬಂದೆ. ಡಾಕ್ಟರು ಹೋದರು. ಕೆಂಪು ಪ್ಲಸ್ಸು ಹೋಯಿತು, ಅದನ್ನು ಹಾಗೆ ಯಾರು ಬೇಕಾದರೂ ಹಾಕಿಕೊಳ್ಳುವ ಹಾಗಿಲ್ಲ. ಕಾಯಿಲೆಗಳ ಪಟ್ಟಿ ಹೋಯಿತು. "ಕಬ್ಬಿಣದ ಅಂಶ ಅದ ಅಂತನಾದ್ರೂ ಬರೀರಿ" ಎಂದು ಒಬ್ಬಳು ಹಟ ಹಿಡಿದಳು. ಮೈಸೂರಿನ ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸಿದ ವರದಿ ಇತ್ತು. ಅದರಲ್ಲಿದ್ದ ಅಂಕಿಗಳನ್ನೇ ಹಿಂದುಗಡೆ ಸಣ್ಣ ಕೋಷ್ಟಕದಲ್ಲಿ ಹಾಕುತ್ತೇನೆ, "ಭರಿತ", "ಪೂರಿತ" ಎಂಬ ಬಾಲ ಮಾತ್ರ ಹಚ್ಚುವುದಿಲ್ಲ ಎಂದೆ.

ಎದೆ ಉಬ್ಬಿಸಿದ ಗಂಡಸನ್ನು ತೆಗೆಯುವಾಗ ಮಾತ್ರ ಸಭೆ ಕೊಂಚ ದುಃಖಪಟ್ಟಿತು. "ಅವ್ನೊಬ್ಬ ಇರ್ಲಿ ಬುಡಿ, ನೋಡಕ್ ಚೆಂದಾಗವ್ನೆ" ಎಂದು ಒಂದು ಮುದುಕಿ ಅಂದಳು. ಎಲ್ಲರೂ ನಕ್ಕು ಸೊಪ್ಪು ಚೆಲ್ಲಿದರು. ಅವನೂ ಹೋದ.

ಉಳಿದದ್ದು ಇಷ್ಟು: ನುಗ್ಗೆ ಸೊಪ್ಪಿನ ಪುಡಿ ಎಂಬ ಹೆಸರು, ಒಂದು ಎಲೆಯ ಚಿತ್ರ, ನಿವ್ವಳ ತೂಕ, ಸಸ್ಯಾಹಾರದ ಹಸಿರು ಚುಕ್ಕಿ. ಹಿಂದುಗಡೆ ಒಳಗೇನಿದೆ, ಎಲ್ಲಿ ಯಾರು ತಯಾರಿಸಿದ್ದು, ಬ್ಯಾಚು, ತಯಾರಾದ ದಿನ, ಎಷ್ಟು ದಿನದೊಳಗೆ ಬಳಸಬೇಕು, ನೋಂದಣಿ ಸಂಖ್ಯೆ, ಬೆಲೆ. ಹಸಿರು ಬಣ್ಣವನ್ನು ಪುಡಿಗೇ ಹೊಂದಿಸಿದೆ. ಪ್ರೂಫ್ ಹಾಳೆಯ ಮೇಲೆ ಒಂದು ಚಿಟಿಕೆ ಪುಡಿ ಉದುರಿಸಿ ನೋಡುವುದು, ಹಾಳೆ ಹೆಚ್ಚು ಹಸಿರಾಗಿ ಕಂಡರೆ ಬಣ್ಣ ಇಳಿಸುವುದು. ಡಬ್ಬ ತೆರೆದಾಗ ಹೊರಗಿನ ಹಸಿರಿಗಿಂತ ಒಳಗಿನದು ಮಂಕಾಗಿದ್ದರೆ ಅದೂ ಒಂದು ಸುಳ್ಳೇ ಎಂದೆ. ಈ ಮಾತನ್ನು ಅಕ್ಕ ತುಂಬ ಮೆಚ್ಚಿಕೊಂಡರು.

ಸಂಘದವರು ಮುಚ್ಚಳ ತಿರುಗಿಸುವ ಬಿಳಿ ಡಬ್ಬ ತರಿಸಿದರು. ಬೆಳಕು ಒಳಗೆ ಹೋಗುವುದಿಲ್ಲ, ಪುಡಿಗೆ ಒಳ್ಳೆಯದು. ಬಿಳಿ ಡಬ್ಬ, ಬಿಳಿ ಲೇಬಲ್ಲು, ತೆಳು ಹಸಿರು ಗೆರೆ, ಸುತ್ತ ಬೇಕಾದಷ್ಟು ಖಾಲಿ ಜಾಗ. ಜೀವಮಾನದಲ್ಲಿ ಮೊದಲ ಸಲ ಯಾರೂ ಅಲ್ಲಿ ಗಣಪತಿ ಕೂರಿಸಿ ಎನ್ನಲಿಲ್ಲ. ನಾನು ಅದನ್ನು ಕಂಪ್ಯೂಟರಿನ ಪಕ್ಕದಲ್ಲಿ ಇಟ್ಟುಕೊಂಡು ದಿನವಿಡೀ ನೋಡಿದೆ. ನನಗೆ ಅಷ್ಟು ಖುಷಿಯಾಗಿತ್ತು.

ಮೆಡಿಕಲ್ಲಿನ ಯಜಮಾನರು ಡಬ್ಬವನ್ನು ಕೈಯಲ್ಲಿ ಹಿಡಿದು, ಕನ್ನಡಕ ಮೇಲೇರಿಸಿ, ಹಿಂದುಗಡೆಯ ಒಂದೊಂದು ಸಾಲನ್ನೂ ಓದಿದರು. ಆಮೇಲೆ "ಶುದ್ಧವಾಗಿದೆ" ಎಂದು ಒಂದೇ ಮಾತು ಹೇಳಿ, ಕೌಂಟರಿನ ಎದುರಿಗೇ ಸಾಲಾಗಿ ಜೋಡಿಸಿದರು. ಅಕ್ಕ ಅಂಗಡಿಯಿಂದ ಹೊರಗೆ ಬಂದು ನನ್ನ ಕೈ ಹಿಡಿದುಕೊಂಡು ರಸ್ತೆ ದಾಟಿಸಿದರು. ದಾಟಿಸುವ ಅಗತ್ಯವೇನೂ ಇರಲಿಲ್ಲ, ಸುಮ್ಮನೆ ಸಂತೋಷಕ್ಕೆ. ಇಬ್ಬರೂ ಹೋಟೆಲಿನಲ್ಲಿ ಮಸಾಲೆ ದೋಸೆ ತಿಂದೆವು.

ಡಬ್ಬಗಳು ಚೆನ್ನಾಗಿಯೇ ಖರ್ಚಾದವು. ತಿಂಗಳು ತುಂಬುವುದರೊಳಗೆ ಯಜಮಾನರು ನನ್ನನ್ನು ಕರೆಸಿದರು. ಅಕ್ಕನೂ ಬಂದು ನಿಂತಿದ್ದರು. ಕೌಂಟರಿನ ಮೇಲಿದ್ದ ಡಬ್ಬಗಳೆಲ್ಲ ರಟ್ಟಿನ ಪೆಟ್ಟಿಗೆಯೊಳಗೆ ವಾಪಸು ಹೋಗಿದ್ದವು.

"ಏನಾಯ್ತು ಸರ್? ಒಂದಕ್ಷರ ಸುಳ್ಳು ಬರೆದಿಲ್ವಲ್ಲ" ಎಂದು ನಾನು ಮೊದಲೇ ಮೇಲೆ ಬಿದ್ದೆ.

"ಬರೆದಿಲ್ಲ ಕಣವ್ವ. ಅದೇ ತಾಪತ್ರಯ" ಎಂದರು ಅವರು. ಕೊಳ್ಳುವವರೆಲ್ಲ ಊಟಕ್ಕೆ ಮುಂಚೆಯೋ ಆಮೇಲೋ ಎಂದು ಕೇಳುತ್ತಾರಂತೆ. ಎಷ್ಟು ದಿನದ ಕೋರ್ಸು ಎನ್ನುತ್ತಾರಂತೆ. ಹಿಂದಿನ ದಿನ, ವರ್ಷಾನುಗಟ್ಟಲೆಯಿಂದ ಸಕ್ಕರೆ ಮಾತ್ರೆ ಒಯ್ಯುವ ಒಬ್ಬ ಮುದುಕ ಬಂದು, "ಈ ತಿಂಗ್ಳು ಮಾತ್ರೆ ಅರ್ಧ ಸಾಕು ಸಾ, ಇದು ಒಳ್ಳೆ ಕಂಪ್ನಿ ಮದ್ದು ಇದ್ದಂಗದ" ಅಂದನಂತೆ. ಅವನನ್ನು ಕೂರಿಸಿಕೊಂಡು ಬೈದು ಪೂರ್ತಿ ಮಾತ್ರೆ ಕೊಟ್ಟು ಕಳಿಸಿದ್ದರು. "ಆ ಹಳೇ ಕವರು ಅರಚ್ತಿತ್ತು, ಜನ ನಗ್ತಿದ್ರು, ಅರ್ಧ ನಂಬ್ತಿದ್ರು. ಇದು ಬಾಯಿ ಮುಚ್ಕೊಂಡು ಕೂತಿದೆ, ಪೂರ್ತಿ ನಂಬ್ತಾರೆ. ಅಂಥ ಡಬ್ಬ ನಾನು ಇಡಲ್ಲ. ನೋಡಿದ ತಕ್ಷಣ ಊಟದ ಸಾಮಾನು ಅಂತ ಗೊತ್ತಾಗೋ ಹಾಗೆ ಮಾಡ್ಕೊಂಡು ಬಂದ್ರೆ ಇನ್ನೊಂದು ಸಲ ನೋಡ್ತೀನಿ. ಆಮೇಲೆ ಕೇಳ್ಬೇಡಿ."

ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದ ಹಾಗಾಗಿತ್ತು. ಅಕ್ಕ ಪೆಟ್ಟಿಗೆಯನ್ನು ಸೊಂಟಕ್ಕೆ ಏರಿಸಿಕೊಂಡು ಬಸ್ಸಿಗೆ ನಡೆದರು. ಅವರು ಬೈದಿದ್ದರೆ ನನಗೆ ಹಗುರವಾಗುತ್ತಿತ್ತು.

"ಇದು ಔಷಧಿಯಲ್ಲ" ಎಂದು ದಪ್ಪ ಅಕ್ಷರದಲ್ಲಿ ಹಾಕಿ ಒಂದು ಹೊಸ ಲೇಬಲ್ಲು ಮಾಡಿ ಡಬ್ಬಕ್ಕೆ ಅಂಟಿಸಿದೆ. ಪಕ್ಕದ ಟೀ ಅಂಗಡಿಯವನಿಗೆ ಡಬ್ಬ ತೋರಿಸಿ ಇದೇನು ಎಂದು ಕೇಳಿದೆ. "ಮದ್ದು" ಎಂದ. ಬರೆದದ್ದನ್ನು ಓದು ಎಂದರೆ, "ಯಾರಕ್ಕ ಓದ್ತಾರೆ? ಡಬ್ಬ ನೋಡುದ್ರೇ ಗೊತ್ತಾಯ್ತದಲ್ಲ" ಎಂದು ನನಗೇ ಬುದ್ಧಿ ಹೇಳಿ ಲೋಟ ತೊಳೆಯಲು ಹೋದ. ಆ ಮಾತು ಲೇಬಲ್ಲಿನ ಮೇಲೆ ಇರಲಿ, ಬೇಕು. ಆದರೆ ಅದೊಂದೇ ಸಾಲದು ಎಂದು ಗೊತ್ತಾಯಿತು.

ಆ ಭಾನುವಾರ ಯಳಂದೂರಿನ ಸೋದರತ್ತೆಯ ಮನೆಗೆ ಹೋದೆ. ಬೇಜಾರಾದಾಗ ನಾನು ಹೋಗುವುದು ಅಲ್ಲಿಗೇ. ಅತ್ತೆ ಜೋರಿನ ಹೆಂಗಸು. ಬದನೆಕಾಯಿ ಎಣ್ಣೆಗಾಯಿ ಎಂದರೆ ಪ್ರಾಣ, ಮಜ್ಜಿಗೆ ಇಲ್ಲದೆ ಊಟ ಮುಗಿಸಿದವರೇ ಅಲ್ಲ. ಹೋಗಿ ನೋಡಿದರೆ ತಟ್ಟೆಯಲ್ಲಿ ಬರೀ ಅನ್ನದ ಗಂಜಿ. ಮುಖ ಸೊರಗಿತ್ತು.

"ಏನತ್ತೆ, ಹುಷಾರಿಲ್ವಾ?"

"ಉಸಾರಾಗೇ ಇವ್ನಿ ಕೂಸೆ. ಪಥ್ಯ. ನೀನು ಮಾಡ್ಕೊಟ್ಟಿದ್ದೀಯಲ್ಲ, ಆ ಬಿಳೀ ಡಬ್ಬದ ಮದ್ದು, ಅದ ತಕತಾ ಇವ್ನಿ."

ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ನಮ್ಮ ಕಡೆ ಸೊಪ್ಪಿನ ಮದ್ದು ತೆಗೆದುಕೊಂಡರೆ ಪಥ್ಯ ಇರಲೇಬೇಕು. ಬದನೆಕಾಯಿ ನಂಜು, ಬಿಡಬೇಕು. ಹುಳಿ, ಮಜ್ಜಿಗೆ, ಮೀನು ಎಲ್ಲ ಬಿಡಬೇಕು. ಇಲ್ಲದಿದ್ದರೆ ಮದ್ದು ಮುರಿಯುತ್ತದೆ ಎನ್ನುತ್ತಾರೆ. ಅತ್ತೆಯೊಬ್ಬರೇ ಅಲ್ಲ, ಅವರ ಬೀದಿಯಲ್ಲಿ ಡಬ್ಬ ಕೊಂಡ ಇನ್ನಿಬ್ಬರೂ ಗಂಜಿ ಕುಡಿಯುತ್ತಿದ್ದರು. ಊಟದ ಜೊತೆ ಒಂದಿಷ್ಟು ಪುಷ್ಟಿ ಹೋಗಲಿ ಎಂದು ಕೌದಳ್ಳಿಯ ಹೆಂಗಸರು ಪುಡಿ ಮಾಡಿದರೆ, ಅದನ್ನು ಕೊಂಡವರು ಊಟವನ್ನೇ ಬಿಟ್ಟು ಕೂತಿದ್ದರು.

ನನಗೆ ರೇಗಿತು. ಅತ್ತೆಯನ್ನು ಪಕ್ಕಕ್ಕೆ ಸರಿಸಿ ಅಡುಗೆಮನೆಗೆ ನುಗ್ಗಿದೆ. ಹಿತ್ತಲಿನಿಂದ ನಾಲ್ಕು ಬದನೆಕಾಯಿ ಕಿತ್ತು ತಂದು, ಬೇಳೆ ಬೇಯಿಸಿ, ಹುಣಸೆಹುಳಿ ಹಿಂಡಿ, ಬಿಳಿ ಡಬ್ಬದಿಂದ ಎರಡು ಚಮಚ ಪುಡಿ ಹಾಕಿ ಸಾರು ಕುದಿಸಿದೆ. ರಾಗಿ ಮುದ್ದೆ ಕಟ್ಟಿ, ಸಾರು ಹುಯ್ದು, ತಟ್ಟೆಯನ್ನು ಅತ್ತೆಯ ಮುಂದೆ ತಳ್ಳಿದೆ.

ಅತ್ತೆ ತಟ್ಟೆಯನ್ನೂ ಡಬ್ಬವನ್ನೂ ನನ್ನನ್ನೂ ನೋಡಿದರು. "ಅಯ್, ಇದ್ಕೆ ಬದ್ನೆಕಾಯ್ ಆಕೋದಾ? ಅಂಗಾರೆ ಇದು ಮದ್ದೇ ಅಲ್ಲ ಬುಡು, ಸಾರಿನ್ ಪುಡಿ" ಎಂದು ಮೂಗು ಮುರಿದು, ಮುದ್ದೆ ಮುರಿದು ನುಂಗಿದರು. ಎರಡನೆಯ ಸಲ ಸಾರು ಹಾಕಿಸಿಕೊಂಡರು. ನಾನು ಕೈಯಲ್ಲಿ ಸೌಟು ಹಿಡಿದುಕೊಂಡು ನಿಂತೇ ಇದ್ದೆ. ಒಲೆಯ ಮುಂದೆ ಒಬ್ಬಳೇ ನಗಲು ಶುರು ಮಾಡಿದೆ. ನಾನು ಬರೆದ ದಪ್ಪ ಅಕ್ಷರ ಮಾಡದ ಕೆಲಸವನ್ನು ಒಂದು ಬದನೆಕಾಯಿ ಮಾಡಿತ್ತು.

ಆ ತಟ್ಟೆಯನ್ನೇ ಮತ್ತೊಮ್ಮೆ ಬಡಿಸಿ, ಹಿತ್ತಿಲ ಬಾಗಿಲ ಬೆಳಕಿನಲ್ಲಿ ಫೋಟೋ ತೆಗೆದೆ. ಮುದ್ದೆ, ಹಸಿರು ಸಾರು, ಮಧ್ಯದಲ್ಲಿ ತೊಟ್ಟು ಸಮೇತ ಒಂದು ಇಡೀ ಬದನೆಕಾಯಿ. ಹೊಳಪು ಹೆಚ್ಚಿಸಲಿಲ್ಲ. ಸಾರಿನ ಅಂಚಿನಲ್ಲಿ ಅತ್ತೆಯ ತಟ್ಟೆಯ ಒಂದು ಸಣ್ಣ ನಗ್ಗು ಕಾಣುತ್ತಿತ್ತು, ಅದನ್ನೂ ಅಳಿಸಲಿಲ್ಲ.

ಕೌದಳ್ಳಿಯಲ್ಲಿ ಮಾತ್ರ ಇದನ್ನು ಒಪ್ಪಿಸಲು ಸಾಕುಸಾಕಾಯಿತು. "ನುಗ್ಗೆ ಮಾರೋರು ನಾವು, ಬದ್ನೆಕಾಯ್ಗೆ ಯಾಕೆ ಮೆರವಣಿಗೆ?" ಎಂದು ಒಬ್ಬಳು. "ಪುಸ್ತಕದ ಬದನೆಕಾಯಿ ಕೇಳಿದ್ವಿ, ಇದು ಡಬ್ಬದ ಬದನೆಕಾಯಿ" ಎಂದು ಇನ್ನೊಬ್ಬಳು. ನಾನು ಅತ್ತೆಯ ಗಂಜಿಯ ಕಥೆ ಹೇಳಿದೆ. ಹೇಳುತ್ತಿದ್ದ ಹಾಗೆ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕೊನೆಗೆ ಆ ಗಂಡಸಿನ ಚಿತ್ರ ಬೇಕೆಂದಿದ್ದ ಮುದುಕಿ ಬಾಯಿಗೆ ಸೆರಗು ಅಡ್ಡ ಹಿಡಿದು, "ನಾನೂವೆ ಮಜ್ಜಿಗೆ ಬುಟ್ಟಿವ್ನಿ ಕಣ್ರವ್ವ" ಎಂದಳು. ತಾನೇ ಆಯ್ದು, ತಾನೇ ಒಣಗಿಸಿ, ತಾನೇ ತುಂಬಿದ ಪುಡಿಗೆ, ಡಬ್ಬ ನೋಡಿ ಪಥ್ಯ ಹಿಡಿದಿದ್ದಳು. ಅಕ್ಕ ನಕ್ಕು ನಕ್ಕು ಗೋಡೆಗೆ ಒರಗಿದರು. ಅಲ್ಲಿಗೆ ತೀರ್ಮಾನವಾಯಿತು.

ಮಾತ್ರೆಯ ವೇಷ ಕಳಚಬೇಕೆಂದು ಬಿಳಿ ಡಬ್ಬವನ್ನೂ ಬಿಟ್ಟೆವು. ಬೆಳಕು ಹೋಗದ, ನೆಟ್ಟಗೆ ನಿಲ್ಲುವ ಕಂದು ಪೌಚು ತಂದೆವು, ಸಾಂಬಾರ ಪುಡಿಯ ಪಕ್ಕದಲ್ಲಿ ಇಡುವಂಥದ್ದು. ಸ್ವಚ್ಛತೆ ಹಾಗೇ ಇರಲಿ ಎಂದು ಲೇಬಲ್ಲಿನ ಖಾಲಿ ಜಾಗ ಉಳಿಸಿಕೊಂಡೆ. ಎಲೆಯ ಜಾಗದಲ್ಲಿ ತಟ್ಟೆ ಬಂತು. ಚಿತ್ರದಲ್ಲಿ ಕಂಡದ್ದೆಲ್ಲ ಒಳಗೆ ಇದೆ ಎಂದು ಜನ ತಿಳಿದರೆ ಅದು ಇನ್ನೊಂದು ಮೋಸ. ಆದ್ದರಿಂದ ತಟ್ಟೆಯ ಕೆಳಗೆ, "ಬಡಿಸುವ ಸಲಹೆ. ಪೌಚಿನಲ್ಲಿರುವುದು ನುಗ್ಗೆ ಸೊಪ್ಪಿನ ಪುಡಿ ಮಾತ್ರ" ಎಂದು ಓದುವಷ್ಟು ದೊಡ್ಡದಾಗಿ ಹಾಕಿದೆ. ಹಿಂದುಗಡೆ ಎರಡೇ ಮಾತು ಹೊಸದು: ಸಾರಿಗೆ, ಪಲ್ಯಕ್ಕೆ, ರೊಟ್ಟಿ ಹಿಟ್ಟಿಗೆ ಬೆರೆಸಿ. ಇದು ಔಷಧಿಯಲ್ಲ, ನಿಮ್ಮ ಮಾತ್ರೆ ಬಿಡಬೇಡಿ.

ಯಜಮಾನರ ಅಂಗಡಿಗೆ ಹೋದ ದಿನ ಅಕ್ಕ ಪೌಚನ್ನು ಕೌಂಟರಿನ ಮೇಲೆ ಇಟ್ಟು ಸೆರಗಿನ ತುದಿ ಸುತ್ತುತ್ತಾ ನಿಂತರು. ಯಜಮಾನರು ಕನ್ನಡಕ ಏರಿಸಿ ಮುಂದೆ ನೋಡಿದರು, ಹಿಂದೆ ನೋಡಿದರು, ಮತ್ತೆ ಮುಂದೆ ನೋಡಿದರು. ಬದನೆಕಾಯಿಯ ಮೇಲೆ ಬೆರಳಿಟ್ಟು ನನ್ನ ಕಡೆ ಹುಬ್ಬು ಹಾರಿಸಿದರು. ನಾನು ವಿವರಿಸಲು ಬಾಯಿ ತೆರೆಯುವಷ್ಟರಲ್ಲಿ ಅವರು ಕೈ ಎತ್ತಿ ತಡೆದರು.

"ನೀವು ಹೇಳ್ಬೇಡಿ. ಅದೇ ಹೇಳ್ಲಿ" ಎಂದು ಪೌಚನ್ನು ಗಿರಾಕಿಗಳ ಕಡೆಗೆ ತಿರುಗಿಸಿ ನಿಲ್ಲಿಸಿದರು.

ನಾವು ಪಕ್ಕಕ್ಕೆ ಸರಿದು ನಿಂತೆವು. ಒಬ್ಬಳು ಮಗುವಿನ ಜ್ವರದ ಸಿರಪ್ಪು ತೆಗೆದುಕೊಂಡು ಹೋದಳು, ಪೌಚಿನ ಕಡೆ ನೋಡಲೇ ಇಲ್ಲ. ಒಬ್ಬ ಬ್ಯಾಂಡೇಜು ಕೊಂಡ. ಅಕ್ಕ ನನ್ನ ಮುಂಗೈ ಹಿಡಿದುಕೊಂಡರು, ಬಳೆ ಒತ್ತಿ ನೋಯುತ್ತಿತ್ತು. ಆಗ ಪಂಚೆ ಎತ್ತಿ ಕಟ್ಟಿದ ವಯಸ್ಸಾದವರೊಬ್ಬರು ಬಂದು ಹಳೆಯ ಚೀಟಿ ಚಾಚಿದರು. ಯಜಮಾನರು ನಮ್ಮ ಕಡೆ ಒಂದು ಸಲ ನೋಡಿದರು. ನನಗೆ ಅರ್ಥವಾಯಿತು, ಸಕ್ಕರೆ ಮಾತ್ರೆ ಅರ್ಧ ಸಾಕು ಎಂದಿದ್ದವರು ಇವರೇ.

ಅವರು ಪೌಚನ್ನು ಕಂಡು ಬಗ್ಗಿದರು. ಕೈಗೆ ತೆಗೆದುಕೊಂಡು ದೂರ ಹಿಡಿದು, ಹತ್ತಿರ ಹಿಡಿದು ನೋಡಿದರು.

"ಏನ್ ಸಾ, ಮೆಡಿಕಲ್ಲಲ್ಲಿ ಸಾರಿನ್ ಪುಡಿ ಮಾರಕ್ಕೆ ಸುರು ಮಾಡ್ಬುಟ್ರಾ?"

ಯಜಮಾನರು ಮೀಸೆಯೊಳಗೇ ನಗು ತಡೆದುಕೊಂಡು, "ಹೂಂ. ಬೇಕಾ?" ಎಂದರು.

"ಒಂದ್ ಕೊಡಿ, ಮನೇವ್ಳಿಗೆ ಕೊಟ್ ನೋಡ್ತೀನಿ. ಬದ್ನೆಕಾಯ್ಗೆ ಚೆಂದಾಗಿರಂಗದ." ಪೌಚನ್ನು ಚೀಲದೊಳಗೆ ಹಾಕಿಕೊಂಡು ಮತ್ತೆ ಚೀಟಿ ಮುಂದೆ ತಳ್ಳಿದರು. "ಮಾತ್ರೆ ಪೂರ್ತಿ ತಿಂಗ್ಳಿಗೆ ಕೊಡಿ ಸಾ."

ಯಜಮಾನರು ಮಾತ್ರೆಯನ್ನು ಎಣಿಸಿ ಕೊಟ್ಟು ಅವರನ್ನು ಕಳಿಸಿದರು. ಆಮೇಲೆ ಅಕ್ಕನ ಕಡೆ ತಿರುಗಿ, "ಪೆಟ್ಟಿಗೆ ಇಳಿಸಿ. ಆದರೆ ಔಷಧಿ ಸಾಲಲ್ಲಿ ಇಡಲ್ಲ, ಆ ಕಡೆ ಬಿಸ್ಕತ್ತಿನ ಪಕ್ಕ" ಎಂದರು. ಅಕ್ಕ ತಲೆಯಾಡಿಸಿದರು. ಪೌಚುಗಳನ್ನು ಒಂದೊಂದಾಗಿ ಜೋಡಿಸುವಾಗ ಕಣ್ಣೀರು ಸುರಿಯುತ್ತಿತ್ತು, ಅದನ್ನು ಒರೆಸಿಕೊಳ್ಳುತ್ತಲೇ ನಗುತ್ತಿದ್ದರು. ನಾನೂ ಒಂದು ಸಾಲು ಜೋಡಿಸಿದೆ.

ಜೋಡಿಸಿ ಮುಗಿದ ಮೇಲೆ ಅಕ್ಕ ಅಲ್ಲೇ ನಿಂತು ಕೌದಳ್ಳಿಗೆ ಫೋನು ಮಾಡಿದರು. ಆ ಕಡೆ ಎಲ್ಲರೂ ಒಟ್ಟಿಗೆ ಮಾತಾಡುವುದು ನನಗೂ ಕೇಳಿಸಿತು. ಒಬ್ಬಳ ದನಿ ಮೇಲೆದ್ದು, ಇದು ಯಾವ ಕಾಯಿಲೆಗೆ ಅಂತ ಯಾರಾದರೂ ಕೇಳಿದರಾ ಎಂದು ವಿಚಾರಿಸಿತು.

"ಇಲ್ಲ ಕಣವ್ವ," ಅಂದರು ಅಕ್ಕ, "ಒಬ್ರೂ ಕೇಳ್ನಿಲ್ಲ. ನಾಳೀಕೂ ಸೊಪ್ಪು ಕುಯ್ಸಿ."